ಪರಂತು ಯಾವುದಕ್ಕೆ ಸೇರಿದ್ದು?
ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೇ ಪ್ರಕರಣದ ಕನ್ನಡ ಪಾಠವನ್ನು ಕುರಿತು

ಊರಿನ ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಬಹರೈನಿನಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಸಾಮಾನ್ಯವಾಗಿ ಅದು ಒಂದು ಹಕ್ಕುಬಿಡುಗಡೆ ಪತ್ರದ ಕರಡಿನ ರೂಪದಲ್ಲೋ, ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕಾದ ಅಧಿಕಾರಪತ್ರದ ರೂಪದಲ್ಲೋ ಬರುತ್ತದೆ. ಜೊತೆಗೆ ಕಾನೂನು ಏನು ಹೇಳುತ್ತದೆ ಎಂಬ ಕನ್ನಡದ ಒಂದು ಪುಟವೂ ಇರುತ್ತದೆ. ಸಹಿ ಹಾಕುವವರು ಓದುವುದು ಆ ಪುಟವನ್ನೇ. ಅಂಥ ಒಂದು ಪುಟ ಈಚೆಗೆ ನನ್ನ ಕೈಗೆ ಬಂತು. ಬರೆದವರು ಯಾರೋ ತಿಳಿಯದು. ಭಾಷೆ ಸರಳ, ಕಾಗುಣಿತ ಶುದ್ಧ. ಆದರೆ ಮೂಲ ಪ್ರಕರಣದ ಕಟ್ಟು ಅದರಲ್ಲಿ ಸಡಿಲವಾಗಿದೆ. ಎಲ್ಲಿ ಸಡಿಲವಾಯಿತು, ಅದರಿಂದ ಯಾರಿಗೆ ಎಷ್ಟು ಎಕರೆಯ ವ್ಯತ್ಯಾಸವಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಪ್ರಕರಣದ ಕಟ್ಟು

ಚರ್ಚೆಯಲ್ಲಿರುವುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೇ ಪ್ರಕರಣ. 2005ರಲ್ಲಿ ಸಂಸತ್ತು ಅದನ್ನು ಪೂರ್ತಿಯಾಗಿ ಬದಲಿಸಿತು. ಹೊಸ ಪ್ರಕರಣ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ಅದರಲ್ಲಿ ಐದು ಉಪಪ್ರಕರಣಗಳಿವೆ. ನಮ್ಮ ಚರ್ಚೆಗೆ ಬೇಕಾದವು ಮೂರು.

(1)ನೇ ಉಪಪ್ರಕರಣ ಮುಖ್ಯ ನಿಯಮವನ್ನು ಹೇಳುತ್ತದೆ. ಮಿತಾಕ್ಷರ ನ್ಯಾಯಕ್ಕೆ ಒಳಪಟ್ಟ ಅವಿಭಕ್ತ ಕುಟುಂಬದಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಸಹದಾಯಾದಿ, ಎಂದರೆ ಕುಟುಂಬದ ಸ್ವತ್ತಿನಲ್ಲಿ ಜನ್ಮಸಿದ್ಧ ಪಾಲುಳ್ಳವಳು. ಈ ನಿಯಮದ ಕೆಳಗೆ ಒಂದು ಪರಂತು ಇದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನಡೆದ ವಿಲೇವಾರಿಗಳನ್ನು ಅದು ಕಾಪಾಡುತ್ತದೆ. (3)ನೇ ಉಪಪ್ರಕರಣ ತೀರಿಕೊಂಡ ಸಹದಾಯಾದಿಯ ಪಾಲು ಯಾರಿಗೆ ಹೋಗುತ್ತದೆಂದು ಹೇಳುತ್ತದೆ, ಆ ಪಾಲನ್ನು ಅಳೆಯಲು ಅಲ್ಲೊಂದು ವಿವರಣೆ ಇದೆ. (5)ನೇ ಉಪಪ್ರಕರಣ ಅದೇ ತಾರೀಕಿಗೆ ಮುಂಚೆ ಆದ ವಿಭಾಗಕ್ಕೆ ಈ ಪ್ರಕರಣ ಅನ್ವಯಿಸುವುದಿಲ್ಲ ಎನ್ನುತ್ತದೆ. ಅದರ ಕೆಳಗಿನ ವಿವರಣೆ ‘ವಿಭಾಗ’ ಎಂದರೇನು ಎಂದು ನಿಗದಿಪಡಿಸುತ್ತದೆ.

ಇಲ್ಲಿ ಪ್ರತಿಯೊಂದು ತುಂಡೂ ತನ್ನ ವ್ಯಾಪ್ತಿಯನ್ನು ತಾನೇ ಹೇಳಿಕೊಳ್ಳುತ್ತದೆ. ಪರಂತು ‘ಈ ಉಪಪ್ರಕರಣದಲ್ಲಿರುವ ಯಾವುದೂ’ ಎಂದು ಶುರುವಾಗುತ್ತದೆ. (5)ನೇ ಉಪಪ್ರಕರಣ ‘ಈ ಪ್ರಕರಣದಲ್ಲಿರುವ ಯಾವುದೂ’ ಎನ್ನುತ್ತದೆ. (3)ರ ವಿವರಣೆ ‘ಈ ಉಪಪ್ರಕರಣದ ಉದ್ದೇಶಗಳಿಗಾಗಿ’, (5)ರ ವಿವರಣೆ ‘ಈ ಪ್ರಕರಣದ ಉದ್ದೇಶಗಳಿಗಾಗಿ’. ಒಂದು ‘ಉಪ’ ಇರುವುದು, ಇಲ್ಲದಿರುವುದು ಓದುವವರಿಗೆ ಚಿಕ್ಕದಾಗಿ ಕಾಣಬಹುದು. ಆದರೆ (5)ರ ವಿವರಣೆ ಕಾಗದದ ಮೇಲೆ ಕೊನೆಯಲ್ಲಿದ್ದರೂ, ಮೇಲೆ (1)ರ ಪರಂತಿನಲ್ಲಿ ಬರುವ ‘ವಿಭಾಗ’ ಎಂಬ ಮಾತಿಗೂ ಅದೇ ಅರ್ಥ ಎಂದು ನಮಗೆ ತಿಳಿಯುವುದು ಈ ಒಂದು ಪದದಿಂದ. ಅನುವಾದಕರು ಓದು ಸುಗಮವಾಗಲೆಂದು ಎಲ್ಲ ಕಡೆಯೂ ‘ಇಲ್ಲಿ’ ಎಂದೋ ‘ಇದರಂತೆ’ ಎಂದೋ ಬರೆದರೆ ಈ ಕೊಂಡಿಗಳೆಲ್ಲ ಕಳಚುತ್ತವೆ.

ಕೈಗೆ ಬಂದ ಪುಟದ ಮುಖ್ಯ ವಾಕ್ಯ

ಆ ಪುಟದಲ್ಲಿ ಮಗಳ ಹಕ್ಕನ್ನು ಒಂದು ವಾಕ್ಯದಲ್ಲಿ ಹೇಳಿ, ಪರಂತು, (5)ನೇ ಉಪಪ್ರಕರಣ, ವಿವರಣೆ ಮೂರನ್ನೂ ಸೇರಿಸಿ ಹೀಗೆ ಬರೆದಿದೆ:

‘20-12-2004ಕ್ಕೆ ಮೊದಲು ನೋಂದಾಯಿತ ಪತ್ರ, ಕೋರ್ಟ್ ಡಿಕ್ರಿ ಮುಂತಾದ ರೀತಿಯಲ್ಲಿ ಆಸ್ತಿಯ ವಿಭಾಗ, ಮಾರಾಟ ಅಥವಾ ವಿಲ್ ಆದರೆ ಹೆಣ್ಣುಮಕ್ಕಳಿಗೆ ಈ ಹಕ್ಕು ಇರುವುದಿಲ್ಲ.’

ಓದಿದರೆ ತಪ್ಪೇನೂ ಕಾಣುವುದಿಲ್ಲ. ಮೂಲದ ಪದಗಳು ಹೆಚ್ಚುಕಡಿಮೆ ಎಲ್ಲವೂ ಇವೆ. ಹಾಳಾಗಿರುವುದು ಅವುಗಳ ಸಂಬಂಧ. ಮೂರು ಕಡೆ ಅದು ಹಾಳಾಗಿದೆ.

ಮೊದಲನೆಯದು ‘ಹಕ್ಕು ಇರುವುದಿಲ್ಲ’ ಎಂಬ ಕೊನೆ. ಮೂಲದ ಪರಂತು ಹಕ್ಕಿನ ಬಗ್ಗೆ ಮಾತಾಡುವುದೇ ಇಲ್ಲ. ಅದರ ಕ್ರಿಯಾಪದಗಳು ‘ಬಾಧಿಸು’ ಮತ್ತು ‘ಅಸಿಂಧುಗೊಳಿಸು’. ಆ ಕ್ರಿಯಾಪದಗಳ ಕರ್ಮ ‘ವಿಲೇವಾರಿ ಅಥವಾ ಪರಭಾರೆ’. ಅಂದರೆ ಹಳೆಯ ವ್ಯವಹಾರ ಉಳಿಯುತ್ತದೆ ಎಂದಷ್ಟೇ ಅದು ಹೇಳುತ್ತದೆ, ಮಗಳ ಹಕ್ಕು ಹೋಗುತ್ತದೆ ಎನ್ನುವುದಿಲ್ಲ. ಹತ್ತು ಎಕರೆಯಲ್ಲಿ ಎರಡು ಎಕರೆ ಮಾರಿದ್ದರೆ ಆ ಎರಡು ಎಕರೆಯ ಕ್ರಯ ಉಳಿಯುತ್ತದೆ. ಮಿಕ್ಕ ಎಂಟು ಎಕರೆಯ ಮೇಲೆ ಪರಂತಿಗೆ ಕೆಲಸವಿಲ್ಲ. ಕನ್ನಡ ಪುಟದ ಪ್ರಕಾರ ಎರಡು ಎಕರೆ ಮಾರಿದ ಕಾರಣಕ್ಕೆ ಹತ್ತರಲ್ಲೂ ಹಕ್ಕಿಲ್ಲ.

ಎರಡನೆಯದು ‘ಮುಂತಾದ’. ಮೂಲದ ವಿವರಣೆ ‘ವಿಭಾಗ ಎಂದರೆ’ ಎಂದು ಮುಚ್ಚಿದ ಲಕ್ಷಣವನ್ನು ಕೊಡುತ್ತದೆ. 1908ರ ನೋಂದಣಿ ಅಧಿನಿಯಮದ ಮೇರೆಗೆ ಕ್ರಮಬದ್ಧವಾಗಿ ನೋಂದಾಯಿಸಿದ ವಿಭಾಗಪತ್ರ ಬರೆದು ಮಾಡಿದ ವಿಭಾಗ ಒಂದು, ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗ ಇನ್ನೊಂದು. ಮೂರನೆಯದಿಲ್ಲ. ಕಾನೂನಿನಲ್ಲಿ ‘ಎಂದರೆ’ ಬಾಗಿಲು ಮುಚ್ಚುವ ಮಾತು, ‘ಒಳಗೊಳ್ಳುತ್ತದೆ’ ತೆರೆದಿಡುವ ಮಾತು. ‘ಮುಂತಾದ’ ಸೇರಿದ ಕೂಡಲೇ ಹಳ್ಳಿಯಲ್ಲಿ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬರೆದಿಟ್ಟ, ನೋಂದಣಿಯಾಗದ ಪಾಲುಪಟ್ಟಿಯೂ ಒಳಗೆ ಬಂದುಬಿಡುತ್ತದೆ. ಅದನ್ನು ಹೊರಗಿಡಲೆಂದೇ ಬರೆದ ವಿವರಣೆ ಅದನ್ನೇ ಒಳಗೆ ಕರೆದಂತಾಯಿತು.

ಮೂರನೆಯದು ಇದಕ್ಕೆ ತಿರುಗುಮುರುಗು. ‘ನೋಂದಾಯಿತ ಪತ್ರ, ಕೋರ್ಟ್ ಡಿಕ್ರಿ’ ಎಂಬುದು ಮೂಲದಲ್ಲಿ ವಿಭಾಗಕ್ಕೆ ಮಾತ್ರ ಅಂಟಿದ ವಿಶೇಷಣ. ಕನ್ನಡ ವಾಕ್ಯದಲ್ಲಿ ಅದು ವಿಭಾಗ, ಮಾರಾಟ, ವಿಲ್ ಮೂರಕ್ಕೂ ಹಬ್ಬಿದೆ. ಭಾರತದಲ್ಲಿ ಉಯಿಲನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೂ ಈ ವಾಕ್ಯವನ್ನು ಓದಿದವರು ನೋಂದಣಿಯಾಗದ ಹಳೆಯ ಉಯಿಲು ಪರಂತಿನ ಆಶ್ರಯಕ್ಕೆ ಬರುವುದಿಲ್ಲ ಎಂದು ತಿಳಿಯುತ್ತಾರೆ. ಹೀಗೆ ಒಂದೇ ವಾಕ್ಯ ಒಂದು ಕಡೆ ಮಗಳಿಗೆ, ಇನ್ನೊಂದು ಕಡೆ ಉಯಿಲಿನಿಂದ ಪಡೆದವರಿಗೆ ಅನ್ಯಾಯ ಮಾಡುತ್ತದೆ.

ಕನ್ನಡ ವಾಕ್ಯದ ದಾರಿ

ಈ ದೋಷಗಳು ಅಜ್ಞಾನದಿಂದ ಬಂದವೆಂದು ನಾನು ತಿಳಿಯುವುದಿಲ್ಲ. ಕನ್ನಡ ವಾಕ್ಯದ ಸಹಜ ನಡೆಯೇ ಅನುವಾದಕರನ್ನು ಅತ್ತ ಎಳೆಯುತ್ತದೆ. ಇಂಗ್ಲಿಷ್ ಶಾಸನ ಮೊದಲು ನಿಯಮವನ್ನು ಹೇಳಿ ಆಮೇಲೆ ಒಂದೊಂದೇ ಕಟ್ಟುಪಾಡನ್ನು ಬಾಲದಂತೆ ಸೇರಿಸುತ್ತಾ ಹೋಗುತ್ತದೆ. ಕನ್ನಡದಲ್ಲಿ ವಿಶೇಷಣ, ಷರತ್ತು ಎಲ್ಲ ಮೊದಲು ಬಂದು ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಆದ್ದರಿಂದ ಅನುವಾದಕರು ಪರಂತನ್ನು ‘ಆದರೆ’ ಎಂಬ ಷರತ್ತಾಗಿ ಮಾಡಿ ನಿಯಮದ ಹೊಟ್ಟೆಯೊಳಗೆ ತೂರಿಸುತ್ತಾರೆ. ‘ಆದರೆ’ ಎಂಬುದಕ್ಕೆ ನಮ್ಮಲ್ಲಿ ಎರಡು ಅರ್ಥ. ‘ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ’ ಎಂಬಲ್ಲಿ ಒಂದು, ‘ವಿಭಾಗ ಆದರೆ’ ಎಂಬಲ್ಲಿ ಇನ್ನೊಂದು. ಕರ್ನಾಟಕದ ಶಾಸನಗಳ ಕನ್ನಡದಲ್ಲಿ ‘ಪರಂತು’ ಎಂಬ ಪದ ನಿಂತಿರುವುದಕ್ಕೆ ಇಲ್ಲಿ ಕಾರಣ ಕಾಣುತ್ತದೆ. ಅದು ಆಡುಮಾತಲ್ಲ, ನಿಜ. ಆದರೆ ಅದಕ್ಕಿರುವುದು ಒಂದೇ ಕೆಲಸ: ಮೇಲಿನ ನಿಯಮ ಮುಗಿಯಿತು, ಈಗ ಅದರಿಂದ ಒಂದು ತುಂಡನ್ನು ಹೊರಗಿಡುತ್ತಿದ್ದೇನೆ ಎಂದು ಸಾರುವುದು.

ಪರಂತನ್ನು ಬೇರೆ ವಾಕ್ಯವಾಗಿಯೇ ಇಡಬೇಕು ಎನ್ನಲು ಇನ್ನೊಂದು ಕಾರಣವಿದೆ. ನಿಯಮದ ಲಾಭ ಕೇಳುವವರು ನಿಯಮದ ಅಂಶಗಳನ್ನು ರುಜುಪಡಿಸಬೇಕು, ಪರಂತಿನ ಆಶ್ರಯ ಕೇಳುವವರು ಪರಂತಿನ ಅಂಶಗಳನ್ನು ರುಜುಪಡಿಸಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ ‘ಹಿಂದೆ ವಿಭಾಗ ಆಗಿರಲಿಲ್ಲ’ ಎಂದು ಮಗಳೇ ರುಜುಪಡಿಸಬೇಕು ಎಂಬಂತೆ ಕೇಳಿಸುತ್ತದೆ. ನಿಜದಲ್ಲಿ ವಿಭಾಗ ಆಗಿತ್ತು ಎನ್ನುವವರ ಮೇಲೆ ಆ ಹೊರೆ.

ಪರಂತನ್ನು ಬೇರೆ ವಾಕ್ಯವಾಗಿ ಇಟ್ಟರೂ ಒಳಗಿನ ಪದಗಳ ಸ್ಥಾನ ಮುಖ್ಯ. ‘2004ರ ಡಿಸೆಂಬರ್ 20ಕ್ಕೆ ಮುಂಚೆ ನಡೆದ ಯಾವುದೇ ವಿಭಾಗ ಸೇರಿದಂತೆ ಯಾವುದೇ ಪರಭಾರೆ’ ಎಂದು ಬರೆದರೆ ‘ನಡೆದ’ ಎಂಬುದು ಪಕ್ಕದ ‘ವಿಭಾಗ’ಕ್ಕೆ ಅಂಟಿಕೊಳ್ಳುತ್ತದೆ. ಪರಭಾರೆಗೆ ತಾರೀಕಿನ ಮಿತಿ ಇದೆಯೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಅಷ್ಟೇ ಪದಗಳನ್ನು ಜಾಗ ಬದಲಿಸಿ, ‘ಯಾವುದೇ ವಿಭಾಗ ಸೇರಿದಂತೆ, 2004ರ ಡಿಸೆಂಬರ್ 20ಕ್ಕೆ ಮುಂಚೆ ನಡೆದಿದ್ದ ಯಾವುದೇ ಪರಭಾರೆ’ ಎಂದರೆ ಮಿತಿ ದೊಡ್ಡ ಪದಕ್ಕೆ ತಗಲುತ್ತದೆ, ಅದರೊಳಗೆ ಸೇರಿದ ವಿಭಾಗಕ್ಕೂ ತಾನಾಗಿ ತಗಲುತ್ತದೆ.

ಮುಖ್ಯ ನಿಯಮದಲ್ಲೂ ಇಂಥದೇ ಒಂದು ಇಕ್ಕಟ್ಟಿದೆ. ‘2005ರ ಅಧಿನಿಯಮ ಪ್ರಾರಂಭವಾದಂದಿನಿಂದ ಹುಟ್ಟಿನಿಂದ ಸಹದಾಯಾದಿ’ ಎಂದರೆ ಎರಡು ‘ಇಂದ’ಗಳು ಒಂದಕ್ಕೊಂದು ತಾಗುತ್ತವೆ. 2005ರ ನಂತರ ಹುಟ್ಟಿದ ಮಗಳಿಗೆ ಮಾತ್ರ ಎಂದು ಯಾರಾದರೂ ಓದಿದರೆ ಅವರನ್ನು ದೂರುವಂತಿಲ್ಲ. ಒಂದನ್ನು ವಾಕ್ಯದ ತಲೆಯಲ್ಲಿಟ್ಟು, ಇನ್ನೊಂದನ್ನು ‘ಜನ್ಮತಃ’ ಎಂದು ಮಾಡಿ ಖಂಡದೊಳಗೆ ಇಟ್ಟರೆ ತೊಡಕು ಬಿಡುತ್ತದೆ.

ನಾನು ಸೂಚಿಸುವ ಪಾಠ

ಬೇಕಾದ ತುಂಡುಗಳನ್ನು ಮಾತ್ರ ಕೊಡುತ್ತೇನೆ.

‘(1) ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಅಧಿನಿಯಮ, 2005ರ ಪ್ರಾರಂಭದಂದು ಮತ್ತು ಅಂದಿನಿಂದ, ಮಿತಾಕ್ಷರ ನ್ಯಾಯಕ್ಕೆ ಒಳಪಟ್ಟ ಹಿಂದೂ ಅವಿಭಕ್ತ ಕುಟುಂಬದಲ್ಲಿ, ಸಹದಾಯಾದಿಯ ಮಗಳು,—

(ಎ) ಮಗನು ಆಗುವ ರೀತಿಯಲ್ಲಿಯೇ, ಜನ್ಮತಃ, ಸ್ವಂತ ಹಕ್ಕಿನಿಂದ ಸಹದಾಯಾದಿಯಾಗತಕ್ಕದ್ದು;

(ಬಿ) ತಾನು ಮಗನಾಗಿದ್ದಿದ್ದರೆ ಸಹದಾಯಾದ ಸ್ವತ್ತಿನಲ್ಲಿ ಯಾವ ಹಕ್ಕುಗಳನ್ನು ಹೊಂದಿರುತ್ತಿದ್ದಳೋ ಅವೇ ಹಕ್ಕುಗಳನ್ನು ಹೊಂದಿರತಕ್ಕದ್ದು…

ಪರಂತು, ಈ ಉಪಪ್ರಕರಣದಲ್ಲಿರುವ ಯಾವುದೂ, ಯಾವುದೇ ವಿಭಾಗ ಅಥವಾ ಉಯಿಲಿನ ಮೂಲಕ ಮಾಡಿದ ಸ್ವತ್ತಿನ ವಿಲೇವಾರಿ ಸೇರಿದಂತೆ, 2004ರ ಡಿಸೆಂಬರ್ 20ನೇ ದಿನಾಂಕಕ್ಕೆ ಮುಂಚೆ ನಡೆದಿದ್ದ ಯಾವುದೇ ವಿಲೇವಾರಿಯನ್ನು ಅಥವಾ ಪರಭಾರೆಯನ್ನು ಬಾಧಿಸತಕ್ಕದ್ದಲ್ಲ ಅಥವಾ ಅಸಿಂಧುಗೊಳಿಸತಕ್ಕದ್ದಲ್ಲ.

(5) ಈ ಪ್ರಕರಣದಲ್ಲಿರುವ ಯಾವುದೂ, 2004ರ ಡಿಸೆಂಬರ್ 20ನೇ ದಿನಾಂಕಕ್ಕೆ ಮುಂಚೆ ಮಾಡಲಾಗಿರುವ ವಿಭಾಗಕ್ಕೆ ಅನ್ವಯಿಸತಕ್ಕದ್ದಲ್ಲ.

ವಿವರಣೆ.— ಈ ಪ್ರಕರಣದ ಉದ್ದೇಶಗಳಿಗಾಗಿ ‘ವಿಭಾಗ’ ಎಂದರೆ, ನೋಂದಣಿ ಅಧಿನಿಯಮ, 1908ರ ಮೇರೆಗೆ ಕ್ರಮಬದ್ಧವಾಗಿ ನೋಂದಾಯಿಸಿದ ವಿಭಾಗಪತ್ರವನ್ನು ಬರೆದುಕೊಡುವ ಮೂಲಕ ಮಾಡಿದ ವಿಭಾಗ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗ.’

ಇದು ಓದಲು ಸಿಹಿಯಾಗಿಲ್ಲ. ಆದರೆ ಯಾವ ತುಂಡು ಯಾವುದಕ್ಕೆ ಸೇರಿದ್ದು ಎಂದು ಬೆರಳಿಟ್ಟು ತೋರಿಸಬಹುದು. ಸರಳ ಕನ್ನಡದ ಸಾರಾಂಶ ಬೇಕಾದವರು ಇದರ ಕೆಳಗೆ ಅದನ್ನು ಬರೆಯಲಿ, ಇದರ ಬದಲಿಗೆ ಬೇಡ.

ಎಕರೆಗಳಲ್ಲಿ ಲೆಕ್ಕ

ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ. ತಂದೆ, ಒಬ್ಬ ಮಗ, ಬಹರೈನಿನಲ್ಲಿರುವ ಒಬ್ಬ ಮಗಳು. ತಾಯಿ ಹಿಂದೆಯೇ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ಜಮೀನು ಹತ್ತು ಎಕರೆ. 2001ರಲ್ಲಿ ತಂದೆ ಎರಡು ಎಕರೆಯನ್ನು ನೋಂದಾಯಿತ ಕ್ರಯಪತ್ರದಿಂದ ಮಾರಿದರು. 2002ರಲ್ಲಿ ತಂದೆ ಮತ್ತು ಮಗ ಉಳಿದ ಎಂಟನ್ನು ತಲಾ ನಾಲ್ಕೆಂದು ಪಾಲುಪಟ್ಟಿ ಬರೆದುಕೊಂಡರು. ನೋಂದಣಿ ಮಾಡಿಸಲಿಲ್ಲ, ಪಹಣಿಯೂ ತಂದೆಯ ಹೆಸರಿನಲ್ಲೇ ಉಳಿಯಿತು. 2010ರಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರು.

ಕೈಗೆ ಬಂದ ಪುಟದಂತೆ ಓದಿದರೆ ಮಾರಾಟವೂ ಆಗಿದೆ, ‘ಮುಂತಾದ ರೀತಿಯ’ ವಿಭಾಗವೂ ಆಗಿದೆ, ಆದ್ದರಿಂದ ಮಗಳಿಗೆ ಹಕ್ಕಿಲ್ಲ. ಸೊನ್ನೆ ಎಂದು ತಿಳಿದು ಅವಳು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಆಶ್ಚರ್ಯವಿಲ್ಲ.

ಪಾಲುಪಟ್ಟಿಯನ್ನು ನಿಜವಾದ ವಿಭಾಗವೆಂದೇ ಒಪ್ಪಿದರೂ ಲೆಕ್ಕ ಸೊನ್ನೆಯಾಗುವುದಿಲ್ಲ. ತಂದೆಯ ಪಾಲಿಗೆ ಬಂದ ನಾಲ್ಕು ಎಕರೆಗೆ ಮಗ, ಮಗಳು ಇಬ್ಬರೂ ಸಮಾನ ವಾರಸುದಾರರು. ಅವಳಿಗೆ ಎರಡು ಎಕರೆ.

ಪ್ರಕರಣವನ್ನು ಅದರ ಕಟ್ಟಿನಂತೆ ಓದಿದರೆ, ಮಾರಿದ ಎರಡು ಎಕರೆಯನ್ನು ಈ ಉಪಪ್ರಕರಣದ ಬಲದಿಂದ ಅವಳು ಪ್ರಶ್ನಿಸುವಂತಿಲ್ಲ. ಪಾಲುಪಟ್ಟಿ ವಿವರಣೆಯ ‘ವಿಭಾಗ’ವಲ್ಲ. ಎಂಟು ಎಕರೆಯಲ್ಲಿ ತಂದೆ, ಮಗ, ಮಗಳು ಮೂವರೂ ಸಹದಾಯಾದಿಗಳು, ತಲಾ ಮೂರನೇ ಒಂದು ಪಾಲು. ತಂದೆಯ ಮೂರನೇ ಒಂದು ಪಾಲು ಮಕ್ಕಳಿಬ್ಬರಿಗೆ ಸಮವಾಗಿ ಹೋಗುತ್ತದೆ. ಮಗಳಿಗೆ ಒಟ್ಟು ಅರ್ಧ, ಅಂದರೆ ನಾಲ್ಕು ಎಕರೆ. ಒಂದೇ ಪ್ರಕರಣ, ಮೂರು ಓದು: ಸೊನ್ನೆ, ಎರಡು, ನಾಲ್ಕು.

ಎರಡು ಬಗೆಯ ವಿಭಾಗ

ಇನ್ನೊಂದು ವಿವರಣೆ ಉಳಿದಿದೆ. (3)ನೇ ಉಪಪ್ರಕರಣದ ವಿವರಣೆ, ತೀರಿಕೊಂಡವನ ಪಾಲನ್ನು ಅಳೆಯಲು, ಅವನ ಮರಣಕ್ಕೆ ನಿಕಟಪೂರ್ವದಲ್ಲಿ ವಿಭಾಗ ನಡೆದಿದ್ದಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅದೇ ಅವನ ಪಾಲು ಎಂದು ಭಾವಿಸಬೇಕು ಎನ್ನುತ್ತದೆ. ಮೇಲೆ ನಾವು ತಂದೆಗೆ ಮೂರನೇ ಒಂದು ಪಾಲು ಹಾಕಿದ್ದು ಹೀಗೆಯೇ. 1956ರ ಮೂಲ ಪ್ರಕರಣದಲ್ಲಿ ಇದೇ ಮಾತು ಪರಂತಿಗೆ ಅಂಟಿದ ಒಂದನೇ ವಿವರಣೆಯಾಗಿತ್ತು: ನಿಯಮ, ಅದಕ್ಕೆ ಪರಂತು, ಪರಂತಿಗೆ ವಿವರಣೆ.

ಈ ಮೂರನೇ ಅಂತಸ್ತಿನ ಬೆಲೆ ಎಷ್ಟೆಂದು ತೋರಿಸಿದ ಮೊಕದ್ದಮೆ ನಮ್ಮ ಗಡಿಯ ಸಾಂಗ್ಲಿಯದು. ಖಂಡಪ್ಪ ಮಗದುಮ್ 1960ರ ಜೂನ್ 27ರಂದು ತೀರಿಕೊಂಡರು. ಹೆಂಡತಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಉಳಿದರು. ಮರಣಕ್ಕೆ ಮುಂಚೆ ವಿಭಾಗ ಆಗಿದ್ದಿದ್ದರೆ ಅಲ್ಲಿಯ ಶಾಸ್ತ್ರದಂತೆ ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳಿಗೆ ತಲಾ ಕಾಲು ಪಾಲು. ಗಂಡನ ಕಾಲು ಪಾಲು ಆರು ವಾರಸುದಾರರಿಗೆ ಹಂಚಿದರೆ ತಲಾ 1/24. ಕೆಳ ನ್ಯಾಯಾಲಯ ಹೀರಾಬಾಯಿಗೆ ಕೊಟ್ಟದ್ದು ಆ 1/24 ಮಾತ್ರ. ಊಹಿಸಿದ ವಿಭಾಗದಲ್ಲಿ ಗಂಡನ ಪಾಲನ್ನು ಎಣಿಸಿ, ಹೆಂಡತಿಯ ಪಾಲನ್ನು ಬಿಟ್ಟುಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿ, ಕಾಲು ಪಾಲೂ 1/24ಊ ಸೇರಿ 7/24 ಅವರದ್ದೆಂದು ಎತ್ತಿಹಿಡಿಯಿತು.

ಹಾಗಾದರೆ 2005ಕ್ಕೆ ಮುಂಚೆ ತಂದೆ ತೀರಿಕೊಂಡ ಮನೆಗಳಲ್ಲಿ, ಕಾನೂನಿನ ಈ ಊಹೆಯಿಂದಲೇ ವಿಭಾಗ ಆಗಿಹೋಯಿತು, ಮಗಳಿಗೆ ಉಳಿದದ್ದೇನು ಎಂಬ ವಾದ ಬಂತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಊಹೆಯ ವಿಭಾಗ ತೀರಿಕೊಂಡವನ ಪಾಲನ್ನು ಅಳೆಯಲು ಮಾತ್ರ, ಅದರಿಂದ ಕುಟುಂಬ ನಿಜವಾಗಿ ವಿಭಾಗವಾಗುವುದಿಲ್ಲ, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲ ಎಂದಿತು. ಆದ್ದರಿಂದ ‘ಮರಣದೊಡನೆ ವಿಭಾಗ ಆದಂತೆ’ ಎಂಬ ಕನ್ನಡ ಅಪಾಯಕಾರಿ. ಕನ್ನಡದ ಕ್ರಿಯಾಪದದಲ್ಲೇ ಇದಕ್ಕೆ ಪರಿಹಾರವಿದೆ. ನಿಜದ್ದಕ್ಕೆ ‘ಮಾಡಲಾಗಿರುವ ವಿಭಾಗ’, ಊಹೆಯದ್ದಕ್ಕೆ ‘ವಿಭಾಗ ನಡೆದಿದ್ದಿದ್ದರೆ’. ಎರಡನ್ನೂ ಬೆರೆಸದಿದ್ದರೆ ಸಾಕು.

ಮಿತಿಗಳು

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಬಾಯಿಮಾತಿನ ವಿಭಾಗವೆಲ್ಲ ಬಿದ್ದುಹೋಗುತ್ತದೆ ಎಂದಲ್ಲ. ಸಾರ್ವಜನಿಕ ದಾಖಲೆಗಳ ಬಲವಿದ್ದು, ಡಿಕ್ರಿಯಿಂದ ಆದಷ್ಟೇ ಖಚಿತವಾಗಿ ರುಜುವಾದರೆ ಅಪರೂಪಕ್ಕೆ ಒಪ್ಪಬಹುದೆಂದು 2020ರ ತೀರ್ಪೇ ಹೇಳಿದೆ. ನಮ್ಮ ಉದಾಹರಣೆಯಲ್ಲಿ ಪಹಣಿ ಬದಲಾಗಿದ್ದಿದ್ದರೆ ಮಗ ಆ ವಾದವನ್ನು ಎತ್ತುತ್ತಿದ್ದ.

ಇನ್ನೊಂದು, ಆ ಪುಟ ಭಾರವೆಂದು ಬಿಟ್ಟ ‘ಮಿತಾಕ್ಷರ ನ್ಯಾಯಕ್ಕೆ ಒಳಪಟ್ಟ’ ಎಂಬ ಮಾತು. ಅದು ಅಲಂಕಾರವಲ್ಲ, ಷರತ್ತು. ಉಡುಪಿ, ದಕ್ಷಿಣ ಕನ್ನಡದ ಅಳಿಯಸಂತಾನದ ಕುಟುಂಬಗಳ ಕವರಿನ ಸ್ವತ್ತಿಗೆ ಇದೇ ಅಧಿನಿಯಮದ 7ನೇ ಪ್ರಕರಣ ಬೇರೆ ದಾರಿ ಹೇಳುತ್ತದೆ. ಅವರಿಗೆ ಈ 6ನೇ ಪ್ರಕರಣದ ಪುಟವನ್ನು ಕಳಿಸುವುದೇ ತಪ್ಪು.

ಕೊನೆಯದಾಗಿ, ನನ್ನ ಪಾಠವೂ ಸೇರಿದಂತೆ ಖಾಸಗಿ ಅನುವಾದ ಯಾವುದಕ್ಕೂ ಕಾನೂನಿನ ಬಲವಿಲ್ಲ. 1973ರ ಕೇಂದ್ರ ಕಾನೂನುಗಳ ಅಧಿಕೃತ ಪಾಠಗಳ ಅಧಿನಿಯಮದಂತೆ, ರಾಷ್ಟ್ರಪತಿಯವರ ಪ್ರಾಧಿಕಾರದಲ್ಲಿ ರಾಜಪತ್ರದಲ್ಲಿ ಪ್ರಕಟವಾದ ಕನ್ನಡವೇ ಅಧಿಕೃತ. ಆದ್ದರಿಂದ ಸಹಿಗಾಗಿ ಬಂದ ಕನ್ನಡ ಪುಟವನ್ನು ಓದುವಾಗ ಮೂಲವನ್ನು ಪಕ್ಕಕ್ಕಿಟ್ಟುಕೊಂಡು ಮೂರನ್ನು ನೋಡಿರಿ: ‘ಪರಂತು’ ಬೇರೆ ವಾಕ್ಯವಾಗಿದೆಯೇ, ಅದು ಉಳಿಸುವುದು ವ್ಯವಹಾರವನ್ನೋ ಅಳಿಸುವುದು ಹಕ್ಕನ್ನೋ, ಮತ್ತು ವಿವರಣೆಯಲ್ಲಿ ‘ಎಂದರೆ’ ಇದೆಯೋ ‘ಮುಂತಾದ’ ಇದೆಯೋ. ಈ ಮೂರರಲ್ಲಿ ಒಂದು ಹೊಂದದಿದ್ದರೂ ವಕೀಲರಿಗೆ ತೋರಿಸುವ ತನಕ ಸಹಿ ಹಾಕಬೇಡಿ.